ಹೆಸರಿಡದ ಕೂಸಿನ ಸಾಲು ಖಾಲಿ ಬಿಡಬ್ಯಾಡ್ರಿ

"ಕುಷ್ಟಗಿ ಕಡೆ ಗಣತಿಗೆ ಹೊಂಟೀನ್ರಿ. ಅಜ್ಜಿ ಗಂಡನ ಹೆಸರು ಹೇಳವಲ್ಲಳು, ತೊಟ್ಟಿಲ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಏನು ಬರೀಲಿ?"

ಅಜ್ಜಿಗೆ ಒತ್ತಾಯ ಮಾಡಬ್ಯಾಡ್ರಿ ಸರ್. ಮೊಮ್ಮಗನ್ನೋ ಪಕ್ಕದ ಮನೆಯವರನ್ನೋ ಕೇಳ್ರಿ. ಒಮ್ಮೆ ನನಗೊಬ್ಬ ಅಜ್ಜಿ "ಹಂಪಿ ದೇವರ ಹೆಸರು ನೋಡಪಾ" ಅಂದ್ಲು. ನಾನು ಜಾಣ ಆಗಾಕ ಹೋಗಿ ವಿರೂಪಾಕ್ಷಪ್ಪ ಅಂತ ಬರ್ಕೊಂಡೆ. ಬಾಗಿಲಾಗ ನಿಂತ ಹುಡುಗ ನಕ್ಕು "ಪಂಪಾಪತಿ ರೀ" ಅಂದ. ದೇವರು ಒಂದೇ, ಫಾರಂನಾಗ ಮಾತ್ರ ಮನುಷ್ಯಾನೇ ಬ್ಯಾರೆ ಆಗ್ತಿದ್ದ. ಊಹೆ ಮಾಡಬ್ಯಾಡ್ರಿ, ಬರೆದದ್ದನ್ನ ಒಮ್ಮೆ ಓದಿ ಹೇಳ್ರಿ. ಹನುಮವ್ವ ಅಂದ್ರ ಹನುಮವ್ವನೇ, ಹನುಮಮ್ಮ ಅಂತ ತಿದ್ದೋದು ನಮ್ಮ ಕೆಲಸ ಅಲ್ಲ.

ಅಜ್ಜನ್ನ ಮನೆಯವರು ಯಜಮಾನ ಅಂದ್ರ ಅವನು ಹೊಲದಾಗಿದ್ರೂ ಮೊದಲ ಸಾಲು ಅವನದೇ. ಆಮೇಲೆ ಅಜ್ಜಿ. ಮದುವ್ಯಾದ ಮಗ, ಸೊಸಿ, ಅವರ ಮಕ್ಕಳನ್ನ ಒಂದೇ ಕಡೆ ಬೆನ್ನಿಗೆ ಬೆನ್ನು ಬರೀರಿ. ಇಲ್ಲಾಂದ್ರ ಯಾವ ಕೂಸು ಯಾರದು ಅಂತ ಕೊನೀಗೆ ಸಂಬಂಧದ ಕಾಲಂನಾಗ ತಲಿ ಕೆಡ್ತದ.

ಕೂಸಿಗೆ "ಕೂಸು" ಅಂತ ಬರೆದು ಜೋಡಿ ಅಪ್ಪನ ಹೆಸರು ಸೇರಿಸ್ರಿ. ವರ್ಷ ತುಂಬಿಲ್ಲಂದ್ರ ವಯಸ್ಸು 0, ಒಂದು ಅಲ್ಲ. "ತೊಟ್ಟಿಲ ಕಾರ್ಯ ಆದ್ಮ್ಯಾಲೆ ಬರ್ತೀನಿ" ಅಂತ ಬಿಟ್ರ ಆ ಕೂಸು ಲೆಕ್ಕಕ್ಕೇ ಬರಂಗಿಲ್ಲ.