ಮೌಸ್ ಸರಿಸಿದರೆ ಸ್ಪೀಕರ್ ಯಾಕೆ ಕುಂಯ್‌ಗುಡುತ್ತದೆ?

ಪ್ರಶ್ನೆ: ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ. ಲ್ಯಾಪ್‌ಟಾಪ್, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಒಂದು ಜೊತೆ ಪವರ್ಡ್ ಸ್ಪೀಕರ್ ಇವೆ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಆರ್‌ಸಿಎ ವೈರು. ಮೌಸ್ ಸರಿಸಿದಾಗ, ಪರದೆ ಸ್ಕ್ರೋಲ್ ಮಾಡಿದಾಗ ಸ್ಪೀಕರಿನಲ್ಲಿ ಕುಂಯ್ ಕುಂಯ್ ಎಂದು ಸದ್ದು ಬರುತ್ತದೆ. ಹೆಡ್‌ಫೋನಿನಲ್ಲಿ ಇಲ್ಲ. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಎರಡು ಮೌಸ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಚಾರ್ಜರಿನ ಅರ್ತ್ ಪಿನ್ ತೆಗೆದುಬಿಡಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಗೆ ಮಾಡಬಹುದೇ, ಅಥವಾ ಹೊಸ ಇಂಟರ್‌ಫೇಸ್ ಕೊಳ್ಳಬೇಕೇ?
— ಒಬ್ಬ ಓದುಗ, ಹಾಸನ

ಉತ್ತರ: ಎರಡೂ ಬೇಡ. ನಿಮ್ಮ ಇಂಟರ್‌ಫೇಸ್ ಚೆನ್ನಾಗಿಯೇ ಇದೆ. ಬದಲಾಗಬೇಕಾದದ್ದು ಬಹುಶಃ ಆ ಆರ್‌ಸಿಎ ವೈರು ಮಾತ್ರ.

ಮೌಸ್ ಬದಲಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಮೌಸ್ ಸರಿಸಿದೊಡನೆ ಅರೆನಿದ್ದೆಯಲ್ಲಿದ್ದ ಪ್ರೊಸೆಸರ್ ಎದ್ದು ಕೆಲಸಕ್ಕೆ ನಿಲ್ಲುತ್ತದೆ, ಪರದೆಯನ್ನು ಮತ್ತೆ ಮತ್ತೆ ಬರೆಯಲು ಗ್ರಾಫಿಕ್ಸ್ ಚಿಪ್ ಓಡತೊಡಗುತ್ತದೆ. ಅದಕ್ಕೆ ತಕ್ಕಂತೆ ಲ್ಯಾಪ್‌ಟಾಪ್ ಎಳೆಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ನಿಮಗೆ ಕೇಳಿಸುತ್ತಿರುವುದು ಆ ಏರಿಳಿತ. ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿ ನೋಡಿ, ಅದೇ ಸದ್ದು ಬರುತ್ತದೆ. ಯಾವುದನ್ನೂ ಮುಟ್ಟದೆ ಕುಳಿತರೂ ಸಣ್ಣಗೆ ಒಂದೇ ಸ್ವರ ಕೇಳಿಸುತ್ತಿದ್ದರೆ ಅದು ಯುಎಸ್‌ಬಿಯದು. ಯುಎಸ್‌ಬಿ ಮಾಹಿತಿಯನ್ನು ಸೆಕೆಂಡಿಗೆ 1000 ಸಲ, ಹೈಸ್ಪೀಡ್ ಆಗಿದ್ದರೆ 8000 ಸಲ ಕಂತಾಗಿ ಕಳಿಸುತ್ತದೆ. ಎರಡೂ ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯೊಳಗೇ ಬೀಳುತ್ತವೆ.

ಕಂಪ್ಯೂಟರಿನೊಳಗೆ ಇಂಥ ಗದ್ದಲ ಇರುವುದು ಸಹಜ. ಅದು ಸ್ಪೀಕರಿಗೆ ಬರಲು ಒಂದು ದಾರಿ ಬೇಕು, ಆ ದಾರಿ ಎಲ್ಲಿದೆ ಎಂಬುದನ್ನು ನಿಮ್ಮ ಪತ್ರವೇ ಹೇಳಿಬಿಟ್ಟಿದೆ. ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಹೊರಬರುವ ಡಿಸಿಯ ನೆಗೆಟಿವ್ ತಂತಿಯನ್ನು ಅರ್ತ್ ಪಿನ್ನಿಗೆ ಸೇರಿಸಿರುತ್ತಾರೆ. ಹಾಗಾಗಿ ಲ್ಯಾಪ್‌ಟಾಪಿನ ಗ್ರೌಂಡ್ ಚಾರ್ಜರ್ ಮೂಲಕ ಮನೆಯ ಅರ್ತ್ ತಂತಿಗೆ ಹೋಗುತ್ತದೆ. ಸ್ಪೀಕರಿನದೂ ಮೂರು ಪಿನ್ನಿನ ಪ್ಲಗ್ ಆಗಿದ್ದರೆ ಅದೂ ಅದೇ ಅರ್ತಿಗೆ ಸೇರುತ್ತದೆ. ಇತ್ತ ಯುಎಸ್‌ಬಿ ಕೇಬಲ್, ಇಂಟರ್‌ಫೇಸ್, ಆರ್‌ಸಿಎ ವೈರಿನ ಹೊರ ಜಾಲರಿ ಸೇರಿ ಲ್ಯಾಪ್‌ಟಾಪಿಗೂ ಸ್ಪೀಕರಿಗೂ ಇನ್ನೊಂದು ಗ್ರೌಂಡ್ ಸಂಪರ್ಕ ಕೊಡುತ್ತವೆ. ಒಂದು ಸುತ್ತು ಪೂರ್ತಿಯಾಯಿತು. ಇದೇ ಗ್ರೌಂಡ್ ಲೂಪ್. ಲ್ಯಾಪ್‌ಟಾಪಿನ ಗದ್ದಲದ ಕರೆಂಟಿನಲ್ಲಿ ಒಂದು ಪಾಲು ಈ ಸುತ್ತಿನಲ್ಲಿ, ಅಂದರೆ ನಿಮ್ಮ ಆಡಿಯೋ ವೈರಿನ ಜಾಲರಿಯಲ್ಲಿ ಹರಿಯುತ್ತದೆ. ಚಾರ್ಜರ್ ಕಿತ್ತರೆ ಸುತ್ತು ಕಡಿಯುತ್ತದೆ, ಸದ್ದೂ ನಿಲ್ಲುತ್ತದೆ. ಹೆಡ್‌ಫೋನಿಗೆ ಗೋಡೆಯ ಪ್ಲಗ್ಗೇ ಇಲ್ಲ, ಸುತ್ತು ಆಗುವುದೂ ಇಲ್ಲ.

ಜಾಲರಿಯಲ್ಲಿ ಹರಿದರೆ ಹರಿಯಲಿ, ಸ್ಪೀಕರಿಗೇನು ಎಂದು ಕೇಳಬಹುದು. ಆರ್‌ಸಿಎ ವೈರಿನಲ್ಲಿ ಇರುವುದು ಎರಡೇ ದಾರಿ, ನಡುವಿನ ತಂತಿ ಮತ್ತು ಸುತ್ತಲಿನ ಜಾಲರಿ. ಸ್ಪೀಕರ್ ಅಳೆಯುವುದು ಇವೆರಡರ ನಡುವಿನ ವ್ಯತ್ಯಾಸವನ್ನು. ಜಾಲರಿ ಗ್ರೌಂಡ್ ಆಗಿಯೂ ಹಾಡಿನ ಅರ್ಧ ಭಾಗವಾಗಿಯೂ ದುಡಿಯುತ್ತದೆ. ಲೆಕ್ಕಕ್ಕೆ ಜಾಲರಿಯ ರೋಧ 0.05 ಓಮ್, ಅದರಲ್ಲಿ ಹರಿಯುವ ಗದ್ದಲ 10 ಮಿಲಿಆಂಪ್ ಎಂದಿಟ್ಟುಕೊಳ್ಳಿ. ಜಾಲರಿಯ ಎರಡು ತುದಿಗಳ ನಡುವೆ 0.5 ಮಿಲಿವೋಲ್ಟ್ ಹುಟ್ಟುತ್ತದೆ, ಅದು ನೇರವಾಗಿ ಹಾಡಿಗೆ ಸೇರುತ್ತದೆ. ಆರ್‌ಸಿಎ ಸಾಧನಗಳ ವಾಡಿಕೆಯ ಮಟ್ಟ ಸುಮಾರು 0.316 ವೋಲ್ಟ್. ಗದ್ದಲ ಅದಕ್ಕಿಂತ 56 ಡೆಸಿಬೆಲ್ ಮಾತ್ರ ಕೆಳಗಿದೆ. ಹಾಡು ನಡೆಯುತ್ತಿರುವಾಗ ಇದು ಮುಚ್ಚಿಹೋಗಬಹುದು. ನಿಶ್ಶಬ್ದ ಕೋಣೆಯಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ, ಅದರಲ್ಲೂ ಈ ಕುಂಯ್‌ಗುಡುವಿಕೆಯ ಬಹುಪಾಲು ಕಿವಿ ಅತಿ ಸೂಕ್ಷ್ಮವಾಗಿರುವ ಎರಡರಿಂದ ಐದು ಸಾವಿರ ಹರ್ಟ್ಸ್ ಆಸುಪಾಸಿನಲ್ಲೇ ಇರುವುದರಿಂದ.

ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಇಂಟರ್‌ಫೇಸಿನ ವಾಲ್ಯೂಮ್ ಪೂರ್ತಿ ಕೆಳಗಿಳಿಸಿ ಮೌಸ್ ಆಡಿಸಿ. ಸದ್ದು ಒಂಚೂರೂ ಕುಗ್ಗದಿದ್ದರೆ ಗದ್ದಲ ಆ ತಿರುಪಿನಾಚೆ, ವೈರಿನಲ್ಲೇ ಸೇರುತ್ತಿದೆ ಎಂದು ಖಚಿತ. ಈ ಪರೀಕ್ಷೆಯ ಒಳಗೇ ಅರ್ಧ ಪರಿಹಾರವೂ ಇದೆ. ಸ್ಪೀಕರಿನ ಹಿಂದಿನ ಗೇನ್ ತಿರುಪನ್ನು ಅನೇಕರು ಪೂರ್ತಿ ಏರಿಸಿಟ್ಟು, ಇಂಟರ್‌ಫೇಸನ್ನು ಸಣ್ಣಗೆ ಇಟ್ಟುಕೊಂಡಿರುತ್ತಾರೆ. ಅದನ್ನು ತಿರುಗುಮುರುಗು ಮಾಡಿ. ಸ್ಪೀಕರಿನದನ್ನು 12 ಡೆಸಿಬೆಲ್ ಇಳಿಸಿ, ಅಷ್ಟನ್ನೇ ಇಂಟರ್‌ಫೇಸಿನಲ್ಲಿ ಏರಿಸಿದರೆ ಹಾಡು ಮೊದಲಿನಷ್ಟೇ ಇರುತ್ತದೆ, ಕುಂಯ್ ಸದ್ದಿನ ವೋಲ್ಟೇಜ್ ಕಾಲುಭಾಗಕ್ಕೆ ಇಳಿಯುತ್ತದೆ. ಕೆಲವರಿಗೆ ಇಷ್ಟೇ ಸಾಕಾಗುತ್ತದೆ.

ಪೂರ್ತಿ ಹೋಗಬೇಕಾದರೆ ಬ್ಯಾಲೆನ್ಸ್ಡ್ ವೈರು ಹಾಕಿ. ನಿಮ್ಮ ಇಂಟರ್‌ಫೇಸಿನ ಹಿಂದೆ ದಪ್ಪ ಜ್ಯಾಕಿನ ಎರಡು ಔಟ್‌ಪುಟ್ ಇದ್ದು ಅವು ಬ್ಯಾಲೆನ್ಸ್ಡ್ ಎಂದು ಕೈಪಿಡಿಯಲ್ಲಿ ಬರೆದಿದ್ದರೆ, ಸ್ಪೀಕರಿನ ಹಿಂದೆ ಆರ್‌ಸಿಎ ಪಕ್ಕದಲ್ಲೇ ಅಂಥದೇ ತೂತು ಅಥವಾ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇದ್ದರೆ, ದಾರಿ ಸುಲಭ. ಈ ವೈರಿನಲ್ಲಿ ಜಾಲರಿಯೊಳಗೆ ಎರಡು ತಂತಿಗಳಿರುತ್ತವೆ. ಸ್ಪೀಕರ್ ಈಗ ಅಳೆಯುವುದು ಆ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು, ಜಾಲರಿಗೆ ಹಾಡಿನಲ್ಲಿ ಪಾಲೇ ಇಲ್ಲ. ಗ್ರೌಂಡಿನ ಗದ್ದಲ ಎರಡೂ ತಂತಿಗಳ ಮೇಲೆ ಒಂದೇ ಸಮನಾಗಿ ಕಾಣಿಸಿಕೊಳ್ಳುವುದರಿಂದ ಕಳೆದುಹೋಗುತ್ತದೆ. ಸಾಧಾರಣ ಸ್ಪೀಕರ್ ಇದನ್ನು ನೂರನೇ ಒಂದು ಭಾಗಕ್ಕೆ ಇಳಿಸಿದರೂ ಮೇಲಿನ 0.5 ಮಿಲಿವೋಲ್ಟ್ 5 ಮೈಕ್ರೋವೋಲ್ಟ್ ಆಗುತ್ತದೆ, ಅಷ್ಟು ಸಾಕು. ಗಮನಿಸಿ, ಲೂಪ್ ಹಾಗೆಯೇ ಇದೆ, ಕರೆಂಟೂ ಹರಿಯುತ್ತಿದೆ. ಅದು ಹಾಡಿಗೆ ಸೇರುವುದು ಮಾತ್ರ ನಿಂತಿದೆ.

ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯಲ್ಲಿ ಈ ದಪ್ಪ ಜ್ಯಾಕನ್ನು ಪಿ-38 ಎನ್ನುತ್ತಾರೆ. ಅದರಲ್ಲಿ ಮೊನೋ, ಸ್ಟೀರಿಯೋ ಎಂದು ಎರಡು ಬಗೆ. ನಿಮಗೆ ಬೇಕಾದದ್ದು ಸ್ಟೀರಿಯೋ ಜ್ಯಾಕ್, ಕಡ್ಡಿಯ ಮೇಲೆ ಎರಡು ಕಪ್ಪು ಉಂಗುರ ಇರುವುದು, ಅದೂ ವೈರಿನ ಎರಡೂ ತುದಿಯಲ್ಲಿ; ಸ್ಪೀಕರಿನದು ಎಕ್ಸ್‌ಎಲ್‌ಆರ್ ಆಗಿದ್ದರೆ ಆ ತುದಿಯಲ್ಲಿ ಮಾತ್ರ ಎಕ್ಸ್‌ಎಲ್‌ಆರ್. ಒಂದು ತುದಿ ಸ್ಟೀರಿಯೋ ಆಗಿ ಇನ್ನೊಂದು ತುದಿ ಎರಡು ಮೊನೋ ಕವಲಾಗಿ ಒಡೆಯುವ ವೈರನ್ನು ಕೊಟ್ಟರೆ ಬೇಡ ಎನ್ನಿ, ಅದು ಬೇರೆಯೇ ಕೆಲಸಕ್ಕೆ. ಒಂದು ಸ್ಪೀಕರಿಗೆ ಒಂದರಂತೆ ಎರಡು ವೈರು ಬೇಕು.

ಸ್ಪೀಕರಿನಲ್ಲಿ ಆರ್‌ಸಿಎ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಬ್ಯಾಲೆನ್ಸ್ಡ್ ವೈರಿನಿಂದ ಉಪಯೋಗವಿಲ್ಲ, ಆಗ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಇರುವುದು ಅದೇ. ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಸ್ಪೀಕರಿನ ಹತ್ತಿರ ಇಡಿ, ಅದರಿಂದ ಸ್ಪೀಕರಿಗೆ ಹೋಗುವ ವೈರು ಗಿಡ್ಡವಾಗಿರಲಿ, ಚಾರ್ಜರಿನಿಂದ ದೂರವಿರಲಿ. ಅಗ್ಗದ್ದರಲ್ಲಿ ಒಳಗಿನ ಕಬ್ಬಿಣದ ತಿರುಳು ಸಣ್ಣದು, ಜೋರಾಗಿ ಬಿಟ್ಟಾಗ ಮೃದಂಗದ ತೊಪ್ಪಿಯ ಗುಮ್ಕಿ, ಬೇಸ್ ಗಿಟಾರ್ ಇವು ಒಡೆದು ಕೇಳಿಸುತ್ತವೆ. ಮಿಕ್ಸ್ ಮಾಡುವವರಿಗೆ ಅದು ಸಣ್ಣ ನಷ್ಟವಲ್ಲ.

ಲೂಪನ್ನು ಯುಎಸ್‌ಬಿ ಕಡೆಯಲ್ಲೇ ಕಡಿಯುವ ಯುಎಸ್‌ಬಿ ಐಸೋಲೇಟರ್ ಕೂಡ ಸಿಗುತ್ತದೆ. ಆದರೆ ಅಗ್ಗದ ಬಹುತೇಕ ಬೋರ್ಡುಗಳು 12 ಮೆಗಾಬಿಟ್ ವೇಗಕ್ಕೆ ಸೀಮಿತ. 480 ಮೆಗಾಬಿಟ್ಟಿನ ಹೈಸ್ಪೀಡ್ ಬೇಡುವ ಇಂಟರ್‌ಫೇಸ್ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಇಲ್ಲವೇ ಅರೆಬರೆ ಕೆಲಸ ಮಾಡುತ್ತದೆ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡುವ ಇಂಟರ್‌ಫೇಸಿಗೆ ಬೇಕಾದಷ್ಟು ಕರೆಂಟನ್ನೂ ಅವು ಒದಗಿಸಲಾರವು. ನನ್ನ ಮಟ್ಟಿಗೆ ಇದು ಕೊನೆಯ ಆಯ್ಕೆ.

ಇನ್ನು ಅರ್ತ್ ಪಿನ್ನಿನ ವಿಷಯ. ಅದನ್ನು ಕಿತ್ತರೆ ಸದ್ದು ನಿಲ್ಲಬಹುದು, ಅದಕ್ಕೇ ಆ ಸಲಹೆ ಇಷ್ಟು ಓಡಾಡುತ್ತದೆ. ಆದರೆ ಚಾರ್ಜರಿನೊಳಗೆ 230 ವೋಲ್ಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ ಸಣ್ಣ ಕೆಪಾಸಿಟರುಗಳಿರುತ್ತವೆ. ಅವುಗಳಿಂದ ಸೋರುವ ಕರೆಂಟ್ ಅರ್ತ್ ಇದ್ದರೆ ಅಲ್ಲಿಗೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಲೋಹದ ಮೈ ಜುಮ್ಮೆನ್ನುತ್ತದೆ, ಯುಎಸ್‌ಬಿ ಮೂಲಕ ಅದೇ ನಿಮ್ಮ ಮೈಕಿನ ಜಾಲರಿಗೂ ಬರುತ್ತದೆ. ಮೈಕಿಗೆ ತುಟಿ ತಾಗಿಸಿ ಹಾಡುವವರು ನೀವು. ಸೋರುವ ಕರೆಂಟ್ ಸಣ್ಣದೇ, ಆದರೆ ಚಾರ್ಜರ್ ಕೆಟ್ಟು ಒಳಗೇ ಶಾರ್ಟ್ ಆದ ದಿನ ಫ್ಯೂಸ್ ಹಾರಿಸಿ ನಿಮ್ಮನ್ನು ಉಳಿಸಬೇಕಾದದ್ದು ಆ ಪಿನ್ನೇ. ಸ್ಪೀಕರಿನ ಅರ್ತ್ ಕೀಳುವುದಂತೂ ಇನ್ನೂ ಅಪಾಯ. ತುರ್ತಿದ್ದರೆ ರೆಕಾರ್ಡ್ ಮಾಡುವಷ್ಟು ಹೊತ್ತು ಬ್ಯಾಟರಿಯಲ್ಲಿ ಓಡಿಸಿ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಮೂಲಕ ಟಿವಿ ಅಥವಾ ದೊಡ್ಡ ಪರದೆ ಸೇರಿಸಿದ್ದರೆ ಅದನ್ನೂ ಕೀಳಿ, ಅದರ ಅರ್ತಿನಿಂದಲೂ ಇದೇ ಸುತ್ತು ಪೂರ್ತಿಯಾಗುತ್ತದೆ.

ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ ಎಂಬ ಸಲಹೆಯೂ ಬರುತ್ತದೆ. ಹಾಕಿ, ಒಳ್ಳೆಯದೇ. ಎರಡು ಗೋಡೆಯ ಸಾಕೆಟ್‌ಗಳ ನಡುವಿನ ವ್ಯತ್ಯಾಸದಿಂದ ಬರುವ 50 ಹರ್ಟ್ಸಿನ ಗುಂಯ್ ಸದ್ದು ಅದರಿಂದ ಕಡಿಮೆಯಾಗುತ್ತದೆ. ಆದರೆ ನಿಮ್ಮ ಕುಂಯ್ ಸದ್ದಿನ ಮೂಲ ಲ್ಯಾಪ್‌ಟಾಪಿನೊಳಗೇ ಇರುವುದರಿಂದ ಹೆಚ್ಚು ಭರವಸೆ ಬೇಡ.

ಈ ಸದ್ದು ರೆಕಾರ್ಡಿನೊಳಗೂ ಸೇರಿದೆಯೇ ಎಂಬುದನ್ನು ನೀವು ಹೇಳಿಲ್ಲ. ಸ್ಪೀಕರ್ ಆಫ್ ಮಾಡಿ, ಮೈಕ್ ಗೇನ್ ಹಾಡುವಾಗ ಇಡುವಷ್ಟೇ ಇಟ್ಟು, ಸುಮ್ಮನೆ ಅರ್ಧ ನಿಮಿಷ ಮೌಸ್ ಆಡಿಸುತ್ತ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿ. ಸ್ವಚ್ಛವಾಗಿದ್ದರೆ ನಿಮ್ಮ ಹಾಡುಗಳಿಗೆ ಏನೂ ಆಗಿಲ್ಲ. ಕೇಳಿಸಿದರೆ ಮೊದಲು ಲ್ಯಾಪ್‌ಟಾಪಿಗೆ ಕಿವಿಕೊಡಿ, ಕೆಲವು ಲ್ಯಾಪ್‌ಟಾಪುಗಳ ಒಳಗಿನ ಸುರುಳಿಗಳೇ ನಿಜವಾಗಿ ಕಿಂಯ್‌ಗುಡುತ್ತವೆ, ಮೈಕ್ ಅದನ್ನು ಹಿಡಿಯುತ್ತದೆ. ಅದಲ್ಲದಿದ್ದರೆ ಇಂಟರ್‌ಫೇಸನ್ನು ಯುಎಸ್‌ಬಿ ಹಬ್‌ಗೆ ಹಾಕಿದ್ದರೆ ಅಲ್ಲಿಂದ ತೆಗೆದು ಲ್ಯಾಪ್‌ಟಾಪಿನದೇ ಬೇರೊಂದು ಪೋರ್ಟಿಗೆ ಗಿಡ್ಡ ಕೇಬಲಿನಲ್ಲಿ ಹಾಕಿ. ಕರೆಂಟಿನಲ್ಲಿ ಓಡುವ ಮಿಕ್ಸರ್ ಇಂಟರ್‌ಫೇಸಿಗೆ ಸೇರಿಸಿದ್ದರೆ ಅಲ್ಲೂ ಇದೇ ಲೂಪ್, ಅಲ್ಲಿಗೂ ಇದೇ ಬ್ಯಾಲೆನ್ಸ್ಡ್ ವೈರು.

ಬ್ಯಾಲೆನ್ಸ್ಡ್ ವೈರು ಹಾಕಿದ ಮೇಲೂ ಸಣ್ಣಗೆ ಉಳಿದರೆ, ಆ ಸಾಧನಗಳಲ್ಲೊಂದು ಜಾಲರಿಯನ್ನು ಲೋಹದ ಪೆಟ್ಟಿಗೆಗೆ ಕಟ್ಟದೆ ಒಳಗಿನ ಸರ್ಕ್ಯೂಟಿಗೇ ಕಟ್ಟಿರಬಹುದು. ಆಗ ಬೆಸುಗೆ ಬಲ್ಲವರ ಕೈಲಿ ಆ ವೈರುಗಳ ಸ್ಪೀಕರ್ ತುದಿಯಲ್ಲಿ ಮಾತ್ರ ಜಾಲರಿಯನ್ನು ಬಿಡಿಸಿ, ಎರಡು ತಂತಿಗಳನ್ನು ಹಾಗೇ ಇಡಿಸಿ. ಇಂಟರ್‌ಫೇಸ್ ತುದಿಯಲ್ಲಿ ಜಾಲರಿ ಸೇರಿಯೇ ಇರಲಿ. ಅಂಥ ವೈರಿಗೆ ಕೆಂಪು ಟೇಪ್ ಸುತ್ತಿಡಿ. ಯಾರಾದರೂ ಅದನ್ನು ಮೈಕಿಗೆ ಹಾಕಿದರೆ 48 ವೋಲ್ಟ್ ಮೈಕಿಗೆ ತಲುಪುವುದಿಲ್ಲ, ಮೈಕೇ ಕೆಟ್ಟಿತೆಂದುಕೊಳ್ಳುತ್ತಾರೆ.