‘ಊಟ ಆಯ್ತಾ’ ಆದಮೇಲೆ ಏನು ಬರೆಯೋದು?

“ನನಗೆ 51. ಹಾಸನದಲ್ಲಿದ್ದೀನಿ. ಹೆಂಡತಿ ತೀರಿಕೊಂಡು 5 ವರ್ಷ ಆಯ್ತು. ಚಿಕ್ಕಮಗಳೂರಿನ ಒಬ್ಬರು ಪರಿಚಯ ಆಗಿದ್ದಾರೆ, 46 ವರ್ಷ, ಡೈವೋರ್ಸ್ ಆಗಿದೆ. ಎರಡು ಸಲ ಕಾಫಿಗೆ ಸಿಕ್ಕಿದ್ವಿ, ಎರಡು ಸಲವೂ ಬಿಲ್ ಅವರೇ ಕೊಟ್ಟರು. ಆಮೇಲೆ ಮೆಸೇಜಲ್ಲಿ ‘ಊಟ ಆಯ್ತಾ’ ಬಿಟ್ಟು ನನಗೆ ಏನೂ ಹೊಳೀತಿಲ್ಲ. ವಯಸ್ಸಿಗೆ ತಕ್ಕ ಹಾಗೆ, ಸ್ವಲ್ಪ ತುಂಟತನವೂ ಇರೋ ಹಾಗೆ ಹೇಗೆ ಬರೆಯೋದು?”

ನಾನು ಆ ಕಡೆ ಕೂತಿದ್ದವಳು, ಅಂದರೆ ಮೆಸೇಜ್ ಬರ್ತಿದ್ದ ಕಡೆ. ಈಗ 49, ಚಿಕ್ಕಮಗಳೂರಲ್ಲೇ ಇದ್ದೀನಿ. ಯಜಮಾನರು ಹೋಗಿ 7 ವರ್ಷ. ನನಗೆ ಬರೆಯುತ್ತಿದ್ದವರು ಸಕಲೇಶಪುರದ ಕಡೆ ಸ್ವಲ್ಪ ಕಾಫಿ ತೋಟ ಇಟ್ಟುಕೊಂಡಿರುವವರು, ಡೈವೋರ್ಸ್ ಆದವರು. ಅವರೂ ಶುರು ಮಾಡಿದ್ದು ‘ಊಟ ಆಯ್ತಾ’ದಿಂದಲೇ.

‘ಊಟ ಆಯ್ತಾ’ ಕೆಟ್ಟದ್ದೇನಲ್ಲ ಸಾರ್. ನಮ್ಮ ಕಡೆ ಅದು ಅರ್ಧ ಪ್ರೀತಿಯೇ. ತೊಂದರೆ ಏನಂದರೆ ‘ಆಯ್ತು, ನಿಮ್ದು?’ ಅಂದಮೇಲೆ ದಾರಿ ಮುಗೀತು. ಹತ್ತು ದಿನ ಹೀಗೇ ನಡೆದ ಮೇಲೆ ಒಂದು ರಾತ್ರಿ ಅವರು ಬರೆದರು: “ಊಟ ಆಯ್ತಾ? ಇಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೀನಿ. ಒಬ್ಬನೇ ಇರೋದಕ್ಕೆ ಒಂದು ಲಾಭ, ಯಾರೂ ಬೈಯಲ್ಲ. ಒಂದು ನಷ್ಟ, ಯಾರೂ ಬೈಯಲ್ಲ.” ಅವತ್ತು ಮೊದಲನೇ ಸಲ ನಾನು ನಗ್ತಾ ಟೈಪ್ ಮಾಡಿದೆ. “ಬೇಕಿದ್ರೆ ಇಲ್ಲಿಂದಲೇ ಬೈತೀನಿ” ಅಂದೆ. ಅದೇ ಪ್ರಶ್ನೆ, ಅದರ ಬಾಲಕ್ಕೆ ಅವರ ಮನೆಯ ಒಂದು ಚೂರು ಅಂಟಿಕೊಂಡಿತ್ತು ಅಷ್ಟೆ. ಹಿಡಿದುಕೊಳ್ಳೋಕೆ ನನಗೆ ಏನೋ ಸಿಕ್ಕಿತು.

ಹೊಗಳೋ ವಿಷಯಕ್ಕೆ ಬನ್ನಿ, ಎಡವೋದು ಅಲ್ಲೇ. “ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿದೀರಾ” ಅಂತ ದಯವಿಟ್ಟು ಬರೆಯಬೇಡಿ. ಆ ‘ಲೂ’ ಇದೆಯಲ್ಲ, ಪೂರ್ತಿ ವಾಕ್ಯವನ್ನ ಅದೊಂದೇ ಹಾಳು ಮಾಡುತ್ತೆ. ಇನ್ನೊಬ್ಬರು ಯಾರೋ ನನಗೆ ಹಾಗೆ ಬರೆದಿದ್ದರು. ಕನ್ನಡಿ ಮುಂದೆ ಹೋಗಿ ನಿಂತು ವಯಸ್ಸು ಎಣಿಸಿದ್ದು ಬಿಟ್ಟರೆ ನನಗೇನೂ ಉಪಕಾರ ಆಗಲಿಲ್ಲ.

ತೋಟದವರು ಮಾಡಿದ್ದು ಬೇರೆ. ಒಂದು ಭಾನುವಾರ ಬೇಲೂರಿಗೆ ಹೋಗಿದ್ವಿ, ಇಬ್ಬರಿಗೂ ಹತ್ತಿರ. ಚೆನ್ನಕೇಶವ ದೇವಸ್ಥಾನದಲ್ಲಿ ಗೈಡ್ ದರ್ಪಣ ಸುಂದರಿ ತೋರಿಸ್ತಿದ್ದರು. ಶಿಲ್ಪ ಮೇಲೆ ಇರೋದು, ಕತ್ತೆತ್ತಿ ನೋಡಿದರೆ ನನಗೆ ಮಸುಕು ಮಸುಕು. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಳ್ತಾ ನಿಂತಿದ್ದೆ. ಸಂಜೆ ಮೆಸೇಜ್ ಬಂತು: “ಎಲ್ಲರೂ ಕನ್ನಡಿ ಹಿಡಿದವಳನ್ನ ನೋಡ್ತಿದ್ರು. ನಾನು ಕನ್ನಡಕ ಒರೆಸ್ತಿದ್ದವರನ್ನ ನೋಡ್ತಿದ್ದೆ. ಗೈಡ್ ಹೇಳಿದ್ದು ಒಂದೂ ನೆನಪಿಲ್ಲ.”

ಒಂದು ಗಂಟೆ ಸುಮ್ಮನಿದ್ದೆ. ಆಮೇಲೆ ಬರೆದೆ: “ಹಾಗಾದ್ರೆ ಗೈಡಿಗೆ ಕೊಟ್ಟ ದುಡ್ಡು ದಂಡ.” ಅವರು: “ನನಗಂತೂ ಪೂರ್ತಿ ವಸೂಲಾಗಿದೆ.”

ಆ ಮೆಸೇಜಲ್ಲಿ ಕಣ್ಣು, ಕೂದಲು, ಸೀರೆ ಯಾವುದೂ ಇಲ್ಲ ನೋಡಿ. ನಾನು ಮಾಡ್ತಿದ್ದ ಒಂದು ಕೆಲಸ ಇದೆ, ಅದು ನನಗೇ ಗೊತ್ತಿಲ್ಲದ ಹಾಗೆ ಅವರ ಕಣ್ಣಿಗೆ ಬಿದ್ದಿತ್ತು. ತಮಾಷೆಯೆಲ್ಲ ಅವರ ಮೇಲೇ. ಇಷ್ಟ ಇಲ್ಲದಿದ್ದರೆ ನಾನು ಗೈಡ್ ವಿಷಯ ಮಾತಾಡಿ ತಪ್ಪಿಸಿಕೊಳ್ಳಬಹುದಿತ್ತು. ಆ ಸಂದು ಬಿಡದೇ ಇದ್ದರೆ ತುಂಟತನ ಹೋಗಿ ಒತ್ತಾಯ ಆಗುತ್ತೆ. (ಮಗಳು ನನ್ನ ಫೋನ್ ಮೇಲೆ ಕಾಣಿಸಿದ್ದನ್ನ ಓದಿ “ಯಾರಿಗೋ ನಿನ್ನ ಕನ್ನಡಕದ ಮೇಲೆ ಪ್ರೀತಿ ಬಂದಿದೆ” ಅಂದಳು. ನಮ್ಮ ವಯಸ್ಸಿನವರ ಫೋನ್ ಊಟದ ಮೇಜಿನ ಮೇಲೆ ಬಿದ್ದಿರುತ್ತೆ, ಮಕ್ಕಳು ಅಲ್ಲೇ ಇರ್ತಾರೆ. ಜೋರಾಗಿ ಓದಿದರೂ ಅವರಿಗೆ ಮುಜುಗರ ಆಗದಂಥದ್ದನ್ನೇ ಕಳಿಸಿ.)

ಅವರೂ ಒಂದು ಸಲ ಕೆಡಿಸಿದರು. ರಾತ್ರಿ ಹನ್ನೊಂದೂ ಮುಕ್ಕಾಲಿಗೆ “ನಿದ್ದೆ ಬರ್ತಿಲ್ಲ, ನೀವೇನು ಮಾಡ್ತಿದೀರಾ?” ಅಂತ ಬಂತು. ನೋಡಿ ಸುಮ್ಮನಾದೆ. ಬೆಳಿಗ್ಗೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಮಧ್ಯಾಹ್ನ “ಕೋಪನಾ?” ಆವಾಗ ನಿಜವಾಗಿಯೂ ಕೋಪ ಬಂತು. ರಾತ್ರಿಯ ಮಾತಿಗೆ ಅರ್ಥ ಬೇರೆ ಇರುತ್ತೆ, ಅಷ್ಟು ಸಲುಗೆ ನಮ್ಮಲ್ಲಿ ಇನ್ನೂ ಬಂದಿರಲಿಲ್ಲ. ಆಮೇಲೆ ಮೂರು ದಿನ ನನ್ನ ಕಡೆಯಿಂದ ‘ಹ್ಞೂಂ’, ‘ಸರಿ’ ಅಷ್ಟೇ, ತಿರುಗಿ ಒಂದು ಪ್ರಶ್ನೆ ಕೇಳಲಿಲ್ಲ. ನಿಮಗೂ ಹಾಗೆ ಬರತೊಡಗಿದರೆ ಕಾರಣ ಕೇಳಿ ಕಾಡಬೇಡಿ. ಅವರು ಎರಡು ದಿನ ಬಿಟ್ಟು, ಉತ್ತರವೇ ಬೇಡದಂಥ ಒಂದು ಸಾಲು ಕಳಿಸಿದರು: “ಅವತ್ತು ಹೊತ್ತು ನೋಡದೆ ಬರೆದೆ, ತಪ್ಪಾಯ್ತು. ಇಲ್ಲಿ ಇವತ್ತು ಮೋಡ ಆಗಿದೆ.” ಅದಕ್ಕೂ ನಾನು ಬರೆಯದೇ ಇದ್ದಿದ್ದರೆ ಅವರು ಅಲ್ಲಿಗೆ ಬಿಟ್ಟುಬಿಡಬೇಕಿತ್ತು, ನೀವೂ ಬಿಡಬೇಕು.

ಇನ್ನು ‘ನೀವು’. ‘ನೀನು’ಗೆ ಇಳಿಯೋ ಆತುರ ಬೇಡ, ಚಿನ್ನ ಬಂಗಾರ ಅಂತೂ ಬೇಡವೇ ಬೇಡ. ಬಹುವಚನದಲ್ಲಿ ತಮಾಷೆ ಮಾಡಿದರೆ ಅದಕ್ಕೊಂದು ಬೇರೆ ರುಚಿ. ಏಕವಚನ ಅವರ ಕಡೆಯಿಂದ ಬರಲಿ. ನಾಲ್ಕು ತಿಂಗಳಾದ ಮೇಲೆ ನಾನೇ ಬರೆದೆ, “ನೀವು ನೀವು ಅಂತಿದ್ರೆ ಸೊಸೈಟಿ ಸೆಕ್ರೆಟರಿ ಜೊತೆ ಮಾತಾಡಿದ ಹಾಗಿದೆ.” ಅವರು: “ನೀನು ಅನ್ನೋಕೆ ಎರಡು ದಿನ ಅಭ್ಯಾಸ ಮಾಡ್ಕೋತೀನಿ, ಬಾಯಿ ಒಣಗ್ತಿದೆ.”

ಹೋದವರ ವಿಷಯ. ನಿಮ್ಮ ಮನೆಯವರ ನೆನಪು ಬಂದರೆ ಹೇಳಿ, ಮುಚ್ಚಿಡಬೇಡಿ. ಆದರೆ “ಅವಳೂ ಹೀಗೇ ನಗ್ತಿದ್ಲು” ಅನ್ನೋದು ಮಾತ್ರ ಬೇಡ, ಎದುರಿಗಿರುವವರು ಪಡಿಯಚ್ಚಲ್ಲ. ಅವರ ಹಿಂದಿನ ಗಂಡನನ್ನ ಬೈಯೋದೂ ಬೇಡ, ಬೈಯೋದಿದ್ದರೆ ಅವರೇ ಬೈತಾರೆ. ನಮ್ಮ ಮನೆಯಲ್ಲಿ ತಿಥಿ ಇದ್ದ ದಿನ ಅವರು ಬರೆದಿದ್ದು ಇಷ್ಟೇ: “ಇವತ್ತು ಏನು ಅಂತ ನೆನಪಿದೆ. ನಾಳೆ ಸಂಜೆ ಫೋನ್ ಮಾಡ್ಲಾ?”

ನನಗೆ ಬಂದದ್ದರಲ್ಲಿ ಇವತ್ತಿಗೂ ಉಳಿಸಿಕೊಂಡಿರೋದು ಏಪ್ರಿಲ್ ಮೊದಲ ವಾರದ್ದು: “ನಿನ್ನೆ ತೋಟಕ್ಕೆ ಹೂಮಳೆ ಬಿತ್ತು. ಇನ್ನು ಎಂಟ್ಹತ್ತು ದಿನಕ್ಕೆ ಗಿಡ ಎಲ್ಲ ಬೆಳ್ಳಗಾಗುತ್ತೆ, ಮಲ್ಲಿಗೆ ವಾಸನೆ. ಇರೋದು ಎರಡು ಮೂರು ದಿನ ಅಷ್ಟೆ. ಬನ್ನಿ ಅಂತ ಕರೀತಿಲ್ಲ. ಸುಮ್ನೆ ಲೆಕ್ಕ ಹೇಳ್ತಿದೀನಿ.” ನಾನು ಕ್ಯಾಲೆಂಡರ್ ನೋಡಿ ರಜ ಹಾಕಿದೆ.

ನಿಮಗೆ ತೋಟ ಇಲ್ಲದಿರಬಹುದು, ಆದರೆ ಸರಕು ನಿಮ್ಮ ಪ್ರಶ್ನೆಯಲ್ಲೇ ಇದೆ ಸಾರ್. ಎರಡು ಬಿಲ್! ನಾನಾಗಿದ್ದರೆ ಹೀಗೆ ಬರೀತಿದ್ದೆ: “ನಿಮ್ಮ ಎರಡು ಕಾಫಿ ಸಾಲ ತಲೆ ಮೇಲಿದೆ. ಭಾನುವಾರ ಚಿಕ್ಕಮಗಳೂರಿಗೇ ಬಂದು ತೀರಿಸ್ಲಾ? ಬಡ್ಡಿಗೆ ಒಂದು ಮಸಾಲೆ ದೋಸೆ.” ರಾತ್ರಿ ಎಂಟರೊಳಗೆ ಕಳಿಸಿ, ಕಳಿಸಿ ಫೋನ್ ಚಾರ್ಜಿಗೆ ಹಾಕಿ ಒಂದು ಸುತ್ತು ವಾಕಿಂಗ್ ಹೋಗಿ. “ಇರಲಿ ಬಿಡಿ” ಅಂತ ಬಂದರೆ ಸದ್ಯಕ್ಕೆ ದೋಸೆ ವಿಷಯ ಎತ್ತಬೇಡಿ. “ಬಡ್ಡಿ ಕಮ್ಮಿ ಆಯ್ತು” ಅಂತ ಬಂದರೆ ಬೆಳಿಗ್ಗೆ ಬೇಗ ಹೊರಡಿ, ಭಾನುವಾರ ಗಿರಿ ಕಡೆ ಹೋಗೋ ಕಾರುಗಳ ಸಾಲು ಜಾಸ್ತಿ.