ಇಸಿಜಿಯಲ್ಲಿ 'ಬ್ಲಾಕ್' ಅಂತ ಬಂದರೆ ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೇ?

ಅಪ್ಪನಿಗೆ 68. ಬಿಪಿಗೆ ಮೆಟೊಪ್ರೊಲಾಲ್ ತಗೋತಾರೆ. ರಿಪೋರ್ಟಿನಲ್ಲಿ ರೇಟ್ 54, ಸೈನಸ್ ರಿದಮ್, ಪಿಆರ್ 212, 'ಫಸ್ಟ್ ಡಿಗ್ರಿ ಎವಿ ಬ್ಲಾಕ್' ಅಂತಿದೆ. ಡಾಕ್ಟರು 'ಕ್ಲಿನಿಕಲ್ ಕೋರಿಲೇಶನ್' ಅಂತ ಬರೆದಿದ್ದಾರೆ. ಭಯಪಡಬೇಕಾ?

ಇಲ್ಲ, ಇದು ರಕ್ತನಾಳದ ಬ್ಲಾಕ್ ಅಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತುಸು ತಡವಾಗಿ ಇಳಿಯುತ್ತಿದೆ, ಅಷ್ಟೇ. ಆ ಪಯಣದ ಸಮಯವೇ ಪಿಆರ್. ಸಾಮಾನ್ಯವಾಗಿ ಅದು 120ರಿಂದ 200 ಮಿಲಿಸೆಕೆಂಡು, ಅಂದರೆ ಇಸಿಜಿ ಕಾಗದದಲ್ಲಿ ಮೂರರಿಂದ ಐದು ಸಣ್ಣ ಚೌಕ. ಅಪ್ಪನದು ಐದು ದಾಟಿ ಕೂದಲೆಳೆಯಷ್ಟು ಮುಂದೆ ಹೋಗಿದೆ. ಫಸ್ಟ್ ಡಿಗ್ರಿಯಲ್ಲಿ ಸಂಕೇತ ತಡವಾದರೂ ಒಂದೂ ತಪ್ಪಿಹೋಗುವುದಿಲ್ಲ. 'ಬ್ಲಾಕ್' ಅನ್ನುವ ಹೆಸರೇ ಸುಮ್ಮನೆ ಹೆದರಿಸುತ್ತದೆ.

ಸೈನಸ್ ರಿದಮ್ ಎಂದರೆ ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ. 60ರಿಂದ 100 ವಾಡಿಕೆಯ ರೇಟ್. ಮೆಟೊಪ್ರೊಲಾಲ್ ಬಡಿತವನ್ನೂ ಈ ಸಂಕೇತವನ್ನೂ ಎರಡನ್ನೂ ನಿಧಾನ ಮಾಡುವುದರಿಂದ 54, 212 ಒಟ್ಟಿಗೆ ಬಂದಿರುವುದು ಅಚ್ಚರಿಯಲ್ಲ.

'ಕೋರಿಲೇಶನ್' ಎಂದರೆ ಕಾಗದವನ್ನು ರೋಗಿಯ ಲಕ್ಷಣಗಳ ಜೊತೆ ಹೊಂದಿಸಿ ನೋಡಿ ಎಂದು. ತಲೆಸುತ್ತು, ಹೊಸದಾಗಿ ಸುಸ್ತು ಇದ್ದರೆ ಮಾತ್ರೆಯ ಪ್ರಮಾಣದ ಬಗ್ಗೆ ಬೇಗ ಕೇಳಿ. ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಬಿಪಿ ಏರಬಹುದು. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಅಥವಾ ನಾಡಿ 40ಕ್ಕಿಂತ ಕೆಳಗಿಳಿದರೆ ಆಗಲೇ ಆಸ್ಪತ್ರೆಗೆ ಹೊರಡಿ.